ಗೆಳತಿಗೆ ಪ್ರಮೋಷನ್ ಆದಾಗ ಫೋನಿನ ಮೊದಲ ಮೂರು ನಿಮಿಷ

ಸ್ನೇಹಿತರ ಕಷ್ಟಕ್ಕೆ ಒದಗುವುದು ನಮ್ಮಲ್ಲಿ ಬಹಳ ಜನಕ್ಕೆ ಬರುತ್ತದೆ. ಕೆಲಸ ಹೋಯ್ತು ಅಂತ ಫೋನ್ ಬಂದರೆ ಏನು ಹೇಳಬೇಕು, ಎಲ್ಲಿ ಸುಮ್ಮನಿರಬೇಕು ಅನ್ನುವುದು ಯಾರೂ ಕಲಿಸದೆಯೇ ಹೊಳೆಯುತ್ತದೆ. ಅದೇ ಗೆಳತಿ "ನಂಗೆ ಪ್ರಮೋಷನ್ ಆಯ್ತು ಕಣೇ" ಅಂದಾಗ ನಾಲಿಗೆ ತಡವರಿಸುತ್ತದೆ. ಅದರಲ್ಲೂ ಇಬ್ಬರದೂ ಒಂದೇ ಥರದ ಕೆಲಸ, ಅದೇ ಮೆಟ್ಟಿಲಿಗೆ ನಾವೂ ಕಾಯುತ್ತಿದ್ದೆವು ಅಂತಾದರೆ, ಹೊಟ್ಟೆಯೊಳಗೆ ಒಂದು ಸಲ ಚುರ್ ಅಂದ ಮೇಲೆಯೇ ಬಾಯಿಂದ "ಕಂಗ್ರಾಟ್ಸ್" ಹೊರಡುವುದು.

ಆ ಚುರ್ ಅನ್ನುವುದನ್ನು ತಪ್ಪಿಸುವ ದಾರಿ ನನಗೆ ಗೊತ್ತಿಲ್ಲ, ಗೊತ್ತಿದೆ ಅನ್ನುವವರನ್ನು ನಂಬುವುದೂ ಇಲ್ಲ. ಆದರೆ ಅದು ಆರುವ ತನಕ ಕಾದು, ಮನಸ್ಸು ಶುದ್ಧವಾದ ಮೇಲೆ ಪ್ರೀತಿಯಿಂದ ಮಾತಾಡುತ್ತೇನೆ ಅಂತ ಕೂತರೆ ಕೆಲಸ ಕೆಡುತ್ತದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮತ್ಸರವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಒಳ್ಳೆಯ ಪ್ರತಿಕ್ರಿಯೆ ಕೊಡಬಹುದು. ಅದಕ್ಕೆ ಬೇಕಿರುವುದು ದೊಡ್ಡ ಮನಸ್ಸಲ್ಲ, ಸರಿಯಾದ ಪ್ರಶ್ನೆ.

ನನಗೆ ಇಬ್ಬರೂ ಗೊತ್ತಿರುವ ಇಬ್ಬರು ಗೆಳತಿಯರ ಮಾತುಕತೆಯನ್ನೇ ತಗೊಳ್ಳುತ್ತೇನೆ. ಒಂದೇ ಸಂಸ್ಥೆ, ಹೆಚ್ಚುಕಡಿಮೆ ಒಟ್ಟಿಗೇ ಸೇರಿದವರು, ಈಗ ಬೇರೆ ಬೇರೆ ತಂಡ. ಆ ವರ್ಷ ಟೀಮ್ ಲೀಡ್ ಹುದ್ದೆಗೆ ಇಬ್ಬರ ಹೆಸರೂ ಹೋಗಿತ್ತು. ಒಬ್ಬಳಿಗೆ ಸಿಕ್ಕಿತು. ಸಂಜೆ ಇನ್ನೊಬ್ಬಳಿಗೆ ಫೋನ್ ಮಾಡಿದಳು.

"ಲೆಟರ್ ಬಂತು ಕಣೇ. ಲೀಡ್ ಮಾಡಿದಾರೆ, ಮುಂದಿನ ತಿಂಗಳಿಂದ."

"ಓ, ಸೂಪರ್! ಕಂಗ್ರಾಟ್ಸ್ ಕಣೇ. ಸಂಬಳ ಎಷ್ಟು ಜಾಸ್ತಿ ಮಾಡಿದ್ರು?"

ಅವಳು ಹೇಳಿದಳು.

"ಪರವಾಗಿಲ್ಲ. ಆದ್ರೆ ನೋಡು, ನಿಮ್ಮ ಟೀಮಲ್ಲಿ ಇಬ್ಬರು ಬಿಟ್ಟು ಹೋಗಿದಾರಲ್ವಾ? ಅದೂ ಈಗ ನಿನ್ನ ತಲೆ ಮೇಲೇ ಬರುತ್ತೆ. ಮನೆ, ಮಗು ಎಲ್ಲ ಹೆಂಗೆ ಸಂಭಾಳಿಸ್ತೀಯ? ಹುಷಾರು."

"ಹೂಂ... ಅದೂ ಹೌದು."

"ನಮ್ಮ ಟೀಮಲ್ಲಿ ಈ ಸಲ ಯಾರಿಗೂ ಕೊಡಲಿಲ್ಲ ಬಿಡು."

ಅಲ್ಲಿಂದ ಮಾತು ಬೇರೆ ಕಡೆ ಹೊರಳಿತು. ಮೂರು ನಿಮಿಷವೂ ಆಗಿರಲಿಕ್ಕಿಲ್ಲ. ಸುದ್ದಿ ಹೇಳಿದವಳು ಆಮೇಲೆ ನನ್ನ ಹತ್ತಿರ ಅಂದದ್ದು: "ಅವಳಿಗೆ ಹೇಳಿದ ಮೇಲೆ ಯಾಕೋ ಸುದ್ದಿ ಚಿಕ್ಕದಾಗಿಬಿಡ್ತು."

ಈ ಮಾತುಕತೆಯಲ್ಲಿ ಒಂದೂ ಕೆಟ್ಟ ಮಾತಿಲ್ಲ. ಇಬ್ಬರು ಬಿಟ್ಟು ಹೋಗಿದ್ದು ನಿಜ, ಮಗು ಚಿಕ್ಕದು ಅನ್ನುವುದು ನಿಜ, ಹುಷಾರು ಅಂದದ್ದೂ ಕಾಳಜಿಯಿಂದಲೇ. ಕೇಳಿಸಿಕೊಂಡವಳನ್ನು ನೀವು ಕೇಳಿದರೆ, ತಾನು ಸಂತೋಷಪಟ್ಟೆ, ಬುದ್ಧಿಮಾತೂ ಹೇಳಿದೆ ಅಂತಲೇ ಪ್ರಾಮಾಣಿಕವಾಗಿ ಹೇಳುತ್ತಾಳೆ. ಮತ್ಸರ ನಮ್ಮೊಳಗೆ ಬರುವಾಗ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಹೆಚ್ಚಾಗಿ ಕಾಳಜಿಯ ವೇಷದಲ್ಲೇ ಬರುತ್ತದೆ, ಹಾಗಾಗಿ ಸ್ವಂತದ ಮತ್ಸರ ನಮಗೇ ಗುರುತು ಸಿಗುವುದಿಲ್ಲ.

ಶೆಲ್ಲಿ ಗೇಬಲ್ ಮತ್ತು ಹ್ಯಾರಿ ರೈಸ್ ಅನ್ನುವ ಮನೋವಿಜ್ಞಾನಿಗಳು ಸಹೋದ್ಯೋಗಿಗಳ ಜೊತೆ ಸೇರಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ಸುದ್ದಿಗೆ ನಾವು ಕೊಡುವ ಪ್ರತಿಕ್ರಿಯೆಗಳನ್ನು ನಾಲ್ಕು ಬಗೆಯಾಗಿ ನೋಡಿದರು. ಉತ್ಸಾಹದಿಂದ ವಿಚಾರಿಸುವುದು ಒಂದು. "ಒಳ್ಳೇದಾಯ್ತು" ಅಂತ ನಕ್ಕು ಅಲ್ಲಿಗೇ ನಿಲ್ಲಿಸುವುದು ಎರಡನೆಯದು. ಸುದ್ದಿಯಲ್ಲಿರುವ ತೊಂದರೆಗಳನ್ನು ಎತ್ತಿ ತೋರಿಸುವುದು ಮತ್ತೊಂದು, ಕಿವಿಗೆ ಬೀಳದವರ ಹಾಗೆ ಮಾತು ಬದಲಿಸುವುದು ಇನ್ನೊಂದು. ಸಂಬಂಧಕ್ಕೆ ಒಳ್ಳೆಯದು ಮಾಡಿದ್ದು ಮೊದಲನೆಯದು ಮಾತ್ರ. ಮೂರನೆಯ, ನಾಲ್ಕನೆಯ ಬಗೆ ಹಾಳು ಮಾಡುತ್ತವೆ ಅನ್ನುವುದು ಯಾರಿಗೂ ಆಶ್ಚರ್ಯ ಅನ್ನಿಸಲಿಕ್ಕಿಲ್ಲ. ನನಗೆ ತಟ್ಟಿದ್ದು ಎರಡನೆಯದರ ಗತಿ. ನಕ್ಕು "ಒಳ್ಳೇದಾಯ್ತು" ಅಂದು ಬಿಡುವುದು ಕೂಡ ಹೇಳಿದವರ ಲೆಕ್ಕದಲ್ಲಿ ಸಂಬಂಧಕ್ಕೆ ಒಳಿತಿನ ಕಡೆ ಬೀಳಲಿಲ್ಲ. ಗೇಬಲ್ ಬೇರೆ ಸಹೋದ್ಯೋಗಿಗಳ ಜೊತೆ 2006ರಲ್ಲಿ ಪ್ರೇಮಿಗಳ ಜೋಡಿಗಳನ್ನು ಮಾತಾಡಿಸಿ ನೋಡಿದಾಗಲೂ, ಕಷ್ಟ ಹೇಳಿಕೊಂಡಾಗ ಸಂಗಾತಿ ಹೇಗೆ ಸ್ಪಂದಿಸಿದರು ಅನ್ನುವುದಕ್ಕಿಂತ ಸಂತೋಷ ಹೇಳಿಕೊಂಡಾಗ ಹೇಗೆ ಸ್ಪಂದಿಸಿದರು ಅನ್ನುವುದೇ ಸಂಬಂಧದ ಆರೋಗ್ಯಕ್ಕೆ ಹೆಚ್ಚು ಹತ್ತಿರವಾಗಿ ಹೊಂದುತ್ತಿತ್ತು.

ಮೇಲಿನ ಫೋನ್ ಕರೆಯನ್ನು ಈಗ ಇನ್ನೊಮ್ಮೆ ಓದಿ. ಅಲ್ಲಿ "ಕಂಗ್ರಾಟ್ಸ್" ಇದೆ, "ಸೂಪರ್" ಇದೆ. ಇಲ್ಲದಿರುವುದು, ಅವಳಿಗೆ ಮಾತಾಡಲು ಜಾಗ. ಸಂಬಳ ಎಷ್ಟು ಅನ್ನುವುದು ಪ್ರಶ್ನೆಯೇನೋ ಹೌದು, ಆದರೆ ಅದಕ್ಕೆ ಒಂದೇ ಪದದ ಉತ್ತರ. ಆ ಉತ್ತರ ಬಂದ ಕೂಡಲೇ ಕೇಳಿದವಳು ಅದನ್ನು ತನ್ನ ಸಂಬಳದ ಪಕ್ಕ ಇಟ್ಟು ನೋಡುತ್ತಾಳೆ. ಅಲ್ಲಿಗೆ ಗೆಳತಿಯ ಸುದ್ದಿ ತನ್ನ ಸುದ್ದಿಯಾಗಿ ಮಾರ್ಪಟ್ಟಿತು. "ಪಾರ್ಟಿ ಯಾವಾಗ?" ಅನ್ನುವುದೂ ಇದೇ ಜಾತಿಗೆ ಸೇರಿದ್ದು. ಕೇಳಲು ಖುಷಿಯಾಗಿರುತ್ತದೆ, ಆದರೆ ಅದಾದ ಮೇಲೆ ಹೇಳುವವರಿಗೆ ತಾರೀಕು ಬಿಟ್ಟು ಹೇಳಲು ಏನೂ ಉಳಿಯುವುದಿಲ್ಲ.

ಅದೇ ಕರೆ ಹೀಗೂ ಆಗಬಹುದಿತ್ತು:

"ಲೆಟರ್ ಬಂತು ಕಣೇ. ಲೀಡ್ ಮಾಡಿದಾರೆ."

"ಹೌದಾ! ಯಾವಾಗ ಗೊತ್ತಾಯ್ತು?"

"ಮಧ್ಯಾಹ್ನ. ಒಳಗೆ ಕರೆದ್ರು. ನಾನು ಬೈಯೋಕೆ ಕರೀತಿದಾರೆ ಅಂದ್ಕೊಂಡೆ."

"ಬೈಯೋಕಾ? ಯಾಕೆ?"

"ಆ ಪ್ರಾಜೆಕ್ಟ್ ಲೇಟ್ ಆಗಿತ್ತಲ್ಲ. ನೋಡಿದ್ರೆ ಅದೇ ಕಾರಣ ಅಂತೆ. ಅರ್ಧದಲ್ಲಿ ಕೈಗೆ ಬಂದಿದ್ದನ್ನ ಮುಗಿಸಿ ಕೊಟ್ಟಿದ್ದಕ್ಕೇ ಅಂತ ಹೇಳಿದ್ರು."

"ನೀನು ರಾತ್ರಿ ಎಲ್ಲ ಕೂತು ಮಾಡ್ತಿದ್ಯಲ್ಲ, ಅದಾ? ಅವತ್ತು ಬಿಟ್ಟುಬಿಡ್ತೀನಿ ಅಂದಿದ್ದೆ ನೀನು."

ಕೇಳುವವಳು ಇಲ್ಲಿ ಎಷ್ಟು ಕಡಿಮೆ ಮಾತಾಡಿದಳು ನೋಡಿ. ಹೊಗಳಿಕೆಯ ಒಂದು ಪದವೂ ಇಲ್ಲ, ಕಂಗ್ರಾಟ್ಸ್ ಕೂಡ ಇನ್ನೂ ಬಂದಿಲ್ಲ. ಯಾವಾಗ, ಯಾಕೆ, ಅದೇನಾ ಅನ್ನುವಷ್ಟೇ ಕೇಳಿದಳು. ಆದರೆ ಕೊನೆಯ ಸಾಲಿನಲ್ಲಿ ಒಂದು ಬೆಲೆಬಾಳುವ ಕೆಲಸ ಆಯಿತು: ಗೆಳತಿಯ ಕಷ್ಟದ ರಾತ್ರಿಯೊಂದು ಇವಳ ನೆನಪಿನಲ್ಲಿ ಇತ್ತು ಅಂತ ಗೊತ್ತಾಯಿತು. ಹೊಸ ಪರಿಚಯದವರು ಎಷ್ಟೇ ಚೆನ್ನಾಗಿ ಅಭಿನಂದಿಸಿದರೂ ಇದನ್ನು ಕೊಡಲಾರರು. ಹಳೆಯ ಗೆಳತಿಗೆ ಮೊದಲು ಫೋನ್ ಮಾಡುವುದು ಇದಕ್ಕೇ.

ಮಜವೆಂದರೆ, "ಹೇಗಾಯ್ತು" ಅನ್ನುವ ಪ್ರಶ್ನೆ ಕೇಳುವವರ ಹೊಟ್ಟೆಯನ್ನೂ ತಣ್ಣಗೆ ಮಾಡುತ್ತದೆ. ಮತ್ಸರದಲ್ಲಿ ಎರಡು ಬಗೆ ಇದೆ ಅಂತ ನೀಲ್ಸ್ ವಾನ್ ಡೆ ವೆನ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಒಂದು, ಅವಳ ಮಟ್ಟಕ್ಕೆ ನಾನೂ ಏರಬೇಕು ಅನ್ನಿಸುವಂಥದ್ದು. ಇನ್ನೊಂದು, ಅವಳು ಇಳಿದರೆ ಸಾಕು ಅನ್ನಿಸುವಂಥದ್ದು. ಯಾವುದು ಹುಟ್ಟುತ್ತದೆ ಅನ್ನುವುದರಲ್ಲಿ ಒಂದು ಮುಖ್ಯ ಪಾತ್ರ, ಆ ವ್ಯಕ್ತಿ ಅದಕ್ಕೆ ಅರ್ಹಳು ಅಂತ ನಮಗೆ ಅನ್ನಿಸುತ್ತದೋ ಇಲ್ಲವೋ ಅನ್ನುವುದರದು. ಬರೀ ಫಲಿತಾಂಶ ಕೇಳಿದಾಗ ನಮ್ಮ ಕಣ್ಣ ಮುಂದೆ ಇರುವುದು ಹುದ್ದೆ ಮತ್ತು ಸಂಬಳ. ಕತೆ ಕೇಳಿದಾಗ ರಾತ್ರಿಗಳು, ಬೈಗುಳದ ಹೆದರಿಕೆ, ಬಿಟ್ಟುಬಿಡುತ್ತೇನೆ ಅಂದ ದಿನ ಎಲ್ಲ ಬರುತ್ತವೆ. ಹುದ್ದೆಯ ಮೇಲೆ ಬರುವ ಮತ್ಸರ ಆ ರಾತ್ರಿಗಳ ಮೇಲೆ ಅಷ್ಟು ಸುಲಭಕ್ಕೆ ಬರುವುದಿಲ್ಲ. ಅಂದರೆ ಗೆಳತಿಗೋಸ್ಕರ ಕೇಳಿದ ಪ್ರಶ್ನೆಯ ಲಾಭ ನಮಗೂ ಇದೆ. ಮನಸ್ಸು ತಿಳಿಯಾದ ಮೇಲೆ ಕೇಳುತ್ತೇನೆ ಅಂತ ಕಾಯಬಾರದು ಅಂದದ್ದು ಈ ಕಾರಣಕ್ಕೆ. ಕೇಳಿದ ಮೇಲೆಯೇ ಅದು ಸ್ವಲ್ಪ ತಿಳಿಯಾಗುವುದು.

ಈ ಉಪಾಯಕ್ಕೂ ಒಂದು ಮಿತಿ ಇದೆ, ಅದನ್ನು ಮುಚ್ಚಿಡಬಾರದು. ಕತೆ ಕೇಳಿದ ಮೇಲೆ, ಇವಳಿಗೆ ಸಿಕ್ಕಿದ್ದು ನ್ಯಾಯವಲ್ಲ ಅಂತಲೇ ಅನ್ನಿಸಬಹುದು. ನಿಜವಾಗಿಯೂ ಅನ್ಯಾಯ ಆಗಿರಲೂಬಹುದು. ಆಗ ನೆನಪಿಡಬೇಕಾದ್ದು, ಪ್ರಮೋಷನ್ ಪಟ್ಟಿ ಮಾಡಿದ್ದು ಗೆಳತಿಯಲ್ಲ. ತಕರಾರು ಪಟ್ಟಿ ಮಾಡಿದವರ ಹತ್ತಿರ, ಬೇರೆ ದಿನ, ನನ್ನ ಕೆಲಸದ ವಿವರ ಇಟ್ಟುಕೊಂಡು ಮಾತಾಡುವ ವಿಷಯ: ನನ್ನ ಹೆಸರು ಎಲ್ಲಿ ಬಿದ್ದುಹೋಯಿತು, ಮುಂದಿನ ಸಲಕ್ಕೆ ಏನು ನೋಡುತ್ತೀರಿ. ಅದನ್ನು ಗೆಳತಿಯ ಫೋನಿನಲ್ಲಿ "ನಿಮ್ಮ ಬಾಸ್‌ಗೆ ನೀನಂದ್ರೆ ಇಷ್ಟ ಬಿಡು" ಅಂತ ಅರ್ಧ ನಗೆಯಲ್ಲಿ ಚೆಲ್ಲಿದರೆ ನ್ಯಾಯವೂ ಸಿಗುವುದಿಲ್ಲ, ಗೆಳತಿಯೂ ಉಳಿಯುವುದಿಲ್ಲ.

ಕಾಳಜಿಯ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಹೆಚ್ಚು ಜನ ಎಡವುವುದು ಅಲ್ಲೇ. ಎಚ್ಚರಿಕೆಯ ಮಾತು ಹೇಳಲೇಬಾರದಾ? ಹೇಳಬಹುದು, ಅದಕ್ಕೊಂದು ಸಮಯ ಇದೆ. ಗೆಳತಿ ಇನ್ನೂ ಒಪ್ಪಿಕೊಂಡಿಲ್ಲ, ಒಪ್ಪಿಕೊಳ್ಳಲಾ ಬೇಡವಾ ಅಂತ ಕೇಳಲು ಫೋನ್ ಮಾಡಿದ್ದಾಳೆ ಅಂದರೆ ಬಿಟ್ಟು ಹೋದ ಇಬ್ಬರ ವಿಷಯ ಅವಳಿಗೆ ಉಪಯೋಗಕ್ಕೆ ಬರುತ್ತದೆ. ಲೆಟರ್‌ಗೆ ಸಹಿ ಹಾಕಿ ಆದ ಮೇಲೆ ಅದೇ ಮಾತಿನಿಂದ ಅವಳ ಯಾವ ತೀರ್ಮಾನವೂ ಬದಲಾಗುವುದಿಲ್ಲ, ಸಂತೋಷ ಮಾತ್ರ ಕರಗುತ್ತದೆ. ಆ ತಂಡದ ತಾಪತ್ರಯ ನಿಮಗಿಂತ ಅವಳಿಗೇ ಚೆನ್ನಾಗಿ ಗೊತ್ತು, ದಿನಾ ಅಲ್ಲೇ ಕೂರುವವಳು. ಅವಳೇ "ಸ್ವಲ್ಪ ಭಯ ಆಗ್ತಿದೆ ಕಣೇ" ಅಂದರೆ ಆಗ ಆ ಭಯದ ಹಿಂದೆ ಹೋಗಿ. ನಾವಾಗಿ ಭಯ ತಂದು ಕೊಡುವುದು ಬೇರೆ, ಅವಳ ಭಯ ಕೇಳುವುದು ಬೇರೆ. ನಾನು ಇಟ್ಟುಕೊಂಡಿರುವ ಪರೀಕ್ಷೆ ಒಂದೇ: ಈ ಪ್ರಮೋಷನ್ ನನಗೆ ಏನೂ ಸಂಬಂಧವಿಲ್ಲದ ಕೆಲಸದಲ್ಲಿ ಆಗಿದ್ದರೆ, ಗೆಳತಿ ಸಂಗೀತಗಾರ್ತಿಯೋ ಪಶುವೈದ್ಯೆಯೋ ಆಗಿದ್ದರೆ, ಈ ಎಚ್ಚರಿಕೆಯ ಮಾತು ಈ ಕ್ಷಣದಲ್ಲಿ ನನ್ನ ಬಾಯಿಗೆ ಬರುತ್ತಿತ್ತಾ? ಬರುತ್ತಿರಲಿಲ್ಲ ಅಂದರೆ ಅದು ಕಾಳಜಿ ಅಲ್ಲ.

ಸಂಬಂಧವಿಲ್ಲದ ಕೆಲಸ ಅಂದದ್ದಕ್ಕೆ ಹಿಂದೆ ಒಂದು ಹಳೆಯ ಪ್ರಯೋಗ ಇದೆ. 1980ರಲ್ಲಿ ಅಬ್ರಹಾಂ ಟೆಸ್ಸರ್ ಮತ್ತು ಜೊನಾಥನ್ ಸ್ಮಿತ್, ಜನರಿಗೆ ಪದ ಊಹಿಸುವ ಆಟ ಆಡಿಸಿದರು. ಎದುರಿನವರಿಗೆ ಸುಳಿವು ಕೊಡಬೇಕು. ಸುಲಭದ ಸುಳಿವು ಕೊಡಬೇಕಾ, ಕಷ್ಟದ್ದು ಕೊಡಬೇಕಾ ಅನ್ನುವುದು ಆಡುವವರ ಇಷ್ಟ. ಇದು ಬರೀ ಆಟ ಅಂದಾಗ ಜನ ಅಪರಿಚಿತರಿಗಿಂತ ತಮ್ಮ ಗೆಳೆಯರಿಗೆ ಸುಲಭದ ಸುಳಿವು ಕೊಟ್ಟರು. ಇದು ನಿಮ್ಮ ಮುಖ್ಯ ಸಾಮರ್ಥ್ಯ ಅಳೆಯುವ ಪರೀಕ್ಷೆ ಅಂದಾಗ ತಿರುಗುಮುರುಗು ಆಯಿತು, ಗೆಳೆಯರಿಗೇ ಹೆಚ್ಚು ಕಷ್ಟದ ಸುಳಿವು. ನಮಗೆ ಮುಖ್ಯವಾದ ವಿಷಯದಲ್ಲಿ, ಹತ್ತಿರದವರು ಮುಂದೆ ಹೋಗುವುದನ್ನು ಅಪರಿಚಿತರು ಮುಂದೆ ಹೋಗುವುದಕ್ಕಿಂತ ಕಷ್ಟಪಟ್ಟು ಸಹಿಸುತ್ತೇವೆ. ಹಾಗಾಗಿ ಆಪ್ತ ಗೆಳತಿಯ ಪ್ರಮೋಷನ್‌ಗೆ ಹೊಟ್ಟೆ ಉರಿದರೆ ಸ್ನೇಹವೇ ಸುಳ್ಳು ಅಂತ ತೀರ್ಮಾನ ಮಾಡಿಕೊಳ್ಳಬೇಕಾಗಿಲ್ಲ. ಆಪ್ತಳಾಗಿದ್ದಕ್ಕೇ ಅಷ್ಟು ಉರಿದದ್ದು.

ಟೆಸ್ಸರ್ ಆಮೇಲೆ ಬೆಳೆಸಿದ ಸಿದ್ಧಾಂತದ ಪ್ರಕಾರ, ಈ ನೋವಿನಿಂದ ಪಾರಾಗಲು ಮನಸ್ಸಿಗೆ ಕೆಲವು ದಾರಿಗಳಿವೆ. ಅವಳ ಯಶಸ್ಸನ್ನು ಕುಗ್ಗಿಸುವುದು ಒಂದು, ಅದನ್ನು ಫೋನಿನಲ್ಲಿ ಆಗಲೇ ನೋಡಿದೆವು. "ನಂಗೆ ಈ ಲೀಡ್‌ಗೀಡ್ ಎಲ್ಲ ಬೇಡವೇ ಬೇಡಪ್ಪ" ಅಂತ ಆ ವಿಷಯವನ್ನೇ ಅಮುಖ್ಯ ಮಾಡಿಕೊಳ್ಳುವುದು ಇನ್ನೊಂದು. ಮೂರನೆಯದು ದೂರ ಸರಿಯುವುದು. ಇದು ಸದ್ದಿಲ್ಲದೆ ಆಗುತ್ತದೆ. ಜಗಳ ಇಲ್ಲ, ಮಾತು ಬಿಟ್ಟಿಲ್ಲ, ಆದರೆ ವಾರಕ್ಕೊಮ್ಮೆ ಹೋಗುತ್ತಿದ್ದ ಫೋನ್ ತಿಂಗಳಿಗೊಮ್ಮೆ ಆಗುತ್ತದೆ, "ಅವಳು ಈಗ ಬಿಜಿ ಇರ್ತಾಳೆ" ಅನ್ನುವ ಕಾರಣ ಕೈಗೆ ಸಿಗುತ್ತದೆ. ನಿಮ್ಮ ಬಾಯಲ್ಲಿ ಈ ವಾಕ್ಯ ಬಂದಾಗ ಒಮ್ಮೆ ನಿಂತು, ಅವಳು ಬಿಜಿ ಅಂತ ನಿಮಗೆ ಹೇಳಿದವರು ಯಾರು ಅಂತ ಕೇಳಿಕೊಳ್ಳಿ.

ಇದಕ್ಕೆ ಮದ್ದು ಎರಡನೇ ಸಲ ಕೇಳುವುದು. ಸುದ್ದಿ ಬಂದ ದಿನ ಎಲ್ಲರೂ ಕೇಳುತ್ತಾರೆ. ಹೊಸ ಹುದ್ದೆಯಲ್ಲಿ ಒಂದಷ್ಟು ದಿನ ಕಳೆದ ಮೇಲೆ "ಹೇಗಿದೆ ಈಗ? ನಿನ್ನ ಹಳೇ ಟೀಮ್‌ಮೇಟ್ಸ್ ಮಾತು ಕೇಳ್ತಾರಾ?" ಅಂತ ವಿಚಾರಿಸುವವರು ತೀರಾ ಕಡಿಮೆ. ಮೊದಲ ಫೋನ್ ಕೆಟ್ಟಿದ್ದರೂ ಇದರಿಂದ ಸರಿಹೋಗುತ್ತದೆ. ನಾನು ಹೇಳಿದ ಇಬ್ಬರಲ್ಲಿ ಹಾಗೇ ಆಯಿತು. ಕೆಲವು ವಾರ ಬಿಟ್ಟು ಅವಳೇ ಫೋನ್ ಮಾಡಿ, "ಅವತ್ತು ನಾನು ಪೂರ್ತಿ ಕೇಳಲೇ ಇಲ್ಲ. ಒಳಗೆ ಕರೆದು ಏನಂದ್ರು, ಹೇಳು" ಅಂದಳಂತೆ. ಇವಳಿಗೂ ಹೇಳುವುದು ಬಾಕಿ ಇತ್ತು, ಹೇಳಿದಳು. ಕ್ಷಮೆ ಗಿಮೆ ಯಾರೂ ಕೇಳಲಿಲ್ಲ.

ಮತ್ಸರ ಆಗುತ್ತಿದೆ ಅಂತ ಗೆಳತಿಗೇ ಹೇಳಿಬಿಡಬೇಕಾ? ಪ್ರಾಮಾಣಿಕತೆ ದೊಡ್ಡದು ಅಂತ ಹೇಳುವವರು ಹೌದು ಅನ್ನುತ್ತಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಅವಳಿಗೆ ಗೊತ್ತೇ ಇಲ್ಲದ ಉರಿಯನ್ನು ಅವಳ ಸಂತೋಷದ ದಿನ ತಂದು ಅವಳ ಮಡಿಲಿಗೆ ಹಾಕುವುದು ಪ್ರಾಮಾಣಿಕತೆಗಿಂತ ಹೊರೆ ಇಳಿಸಿಕೊಳ್ಳುವ ಉಪಾಯ. ಆದರೆ ಇಬ್ಬರೂ ಅದೇ ಹುದ್ದೆಗೆ ಕಾಯುತ್ತಿದ್ದದ್ದು ಇಬ್ಬರಿಗೂ ಗೊತ್ತಿದ್ದರೆ ಲೆಕ್ಕ ಬೇರೆ. ಆಗ ಏನೂ ಆಗಿಲ್ಲವೆಂಬಂತೆ ಕುಣಿದಾಡಿದರೆ ಅದು ನಾಟಕ ಅಂತ ಅವಳಿಗೆ ತಕ್ಷಣ ಗೊತ್ತಾಗುತ್ತದೆ. ಕತೆಯೆಲ್ಲ ಕೇಳಿ ಆದ ಮೇಲೆ ಒಂದೇ ಸಾಲು ಸಾಕು: "ನಂಗೂ ಆಸೆ ಇತ್ತು ಅಂತ ನಿಂಗೆ ಗೊತ್ತಲ್ಲ, ಸ್ವಲ್ಪ ಬೇಜಾರಿದೆ. ಆದ್ರೆ ನಿಂಗೆ ಸಿಕ್ಕಿದ್ದಕ್ಕೆ ಖುಷಿ ಕಣೇ. ಆಮೇಲೆ ಅವರು ಏನಂದ್ರು?" ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಅದಿಲ್ಲದಿದ್ದರೆ ಅವಳು "ಅಯ್ಯೋ, ನಿಂಗೂ ಮುಂದಿನ ಸಲ ಗ್ಯಾರಂಟಿ ಬರುತ್ತೆ" ಅಂತ ಸಮಾಧಾನಕ್ಕೆ ಶುರು ಮಾಡುತ್ತಾಳೆ. ತನ್ನ ಪ್ರಮೋಷನ್ ಹೇಳಲು ಫೋನ್ ಮಾಡಿದವಳು ನಿಮ್ಮನ್ನು ಸಂತೈಸಿ ಫೋನ್ ಇಡುವ ಹಾಗಾಗಬಾರದು.

ಕೆಲವು ದಿನ ನಿಜವಾಗಿಯೂ ಆಗುವುದಿಲ್ಲ. ಬೆಳಿಗ್ಗೆಯಷ್ಟೇ ನಿಮ್ಮ ಹೆಸರು ಬಿಟ್ಟುಹೋಗಿದೆ ಅಂತ ಗೊತ್ತಾಗಿ, ಮಧ್ಯಾಹ್ನ ಅವಳ ಫೋನ್ ಬಂದರೆ ಯಾವ ಪ್ರಶ್ನೆಯೂ ಬಾಯಿಗೆ ಬರುವುದಿಲ್ಲ. ಆಗ ನೀರಸವಾಗಿ ಹತ್ತು ನಿಮಿಷ ಹೂಂಗುಟ್ಟುವುದಕ್ಕಿಂತ "ತುಂಬಾ ಒಳ್ಳೇದಾಯ್ತು ಕಣೇ. ಇದನ್ನ ಕೂತು ಪೂರ್ತಿ ಕೇಳಬೇಕು, ನಾಳೆ ಸಂಜೆ ನಾನೇ ಮಾಡ್ತೀನಿ" ಅನ್ನುವುದು ವಾಸಿ. ಶರತ್ತು ಒಂದೇ, ನಾಳೆ ಸಂಜೆ ಮಾಡಲೇಬೇಕು. ಮಾಡದಿದ್ದರೆ ಮಾತು ಬದಲಿಸಿದ್ದಕ್ಕಿಂತ ಕೆಟ್ಟದಾಗುತ್ತದೆ. ಸುದ್ದಿ ವಾಟ್ಸಾಪ್ ಗ್ರೂಪಿನಲ್ಲಿ ಬಂದರಂತೂ ಇನ್ನೂ ಸುಲಭ, ಮುಖ ಕಾಣುವುದಿಲ್ಲ, ಸಮಯವೂ ಇದೆ. ಗ್ರೂಪಿನ ಚಪ್ಪಾಳೆಯ ಸಾಲಿನಲ್ಲಿ ನಿಮ್ಮದೂ ಒಂದು ಇರಲಿ, ಆದರೆ ಅಷ್ಟಕ್ಕೇ ಕೈ ತೊಳೆದುಕೊಳ್ಳಬೇಡಿ. ಬೇರೆಯಾಗಿ ಅವಳಿಗೆ ಮಾತ್ರ ಒಂದು ಸಾಲು ಬರೆಯಿರಿ, ಬೇರೆ ಯಾರಿಗೂ ಕಳಿಸಲಾಗದಂಥ ಸಾಲು. "ಕಂಗ್ರಾಟ್ಸ್, ಯು ಡಿಸರ್ವ್ ಇಟ್" ಅನ್ನುವುದನ್ನು ಯಾರಿಗೆ ಬೇಕಾದರೂ ಕಳಿಸಬಹುದು. "ಆ ಪ್ರಾಜೆಕ್ಟ್ ನಿನ್ನ ಕೈಗೆ ಬಂದಾಗ ನೀನು ಅತ್ತಿದ್ದು ನೆನಪಾಯ್ತು" ಅನ್ನುವುದು ಅವಳೊಬ್ಬಳದೇ.

ಇಷ್ಟೆಲ್ಲ ಹೇಳಿದ್ದು ಅಪರೂಪಕ್ಕೆ ದೊಡ್ಡ ಸುದ್ದಿ ತರುವ ಗೆಳತಿಯ ವಿಷಯದಲ್ಲಿ. ದಿನ ಬೆಳಗಾದರೆ ತನ್ನದೇ ಹಿರಿಮೆ ಹೇಳಿಕೊಂಡು, ನಿಮ್ಮ ಸುದ್ದಿ ಬಂದಾಗ "ಹೌದಾ, ಸರಿ" ಅಂತ ಮುಗಿಸುವವರು ಎಲ್ಲರ ಬಳಗದಲ್ಲೂ ಒಬ್ಬರಾದರೂ ಇರುತ್ತಾರೆ. ಅವರಿಗೂ ಇದೇ ಉತ್ಸಾಹ ಸುರಿಯಬೇಕು ಅಂತ ನನಗೆ ಅನ್ನಿಸುವುದಿಲ್ಲ. "ಒಳ್ಳೇದಾಯ್ತು" ಅಂದು ಬಿಡಿ. ಸಂಬಂಧ ಬೆಳೆಯುವುದಿಲ್ಲ, ನಿಜ. ಕೆಲವು ಸಂಬಂಧಗಳು ಇದ್ದಷ್ಟೇ ಇದ್ದರೆ ಯಾರಿಗೂ ನಷ್ಟವಿಲ್ಲ.